ಕೊನೆಯ ಪ್ರಶ್ನೆಯನ್ನು ಮೊದಲು ಬರೆಯಿರಿ: ಶಿಕ್ಷಕರಿಗೊಂದು ಪುಟ್ಟ ಆನ್‌ಲೈನ್ ಕೋರ್ಸ್ ರೂಪುಗೊಳ್ಳುವ ಬಗೆ

4.8 ದೊಡ್ಡದೋ, 4.63 ದೊಡ್ಡದೋ? ಆರನೆಯ ಅಥವಾ ಏಳನೆಯ ತರಗತಿಯಲ್ಲಿ ಈ ಪ್ರಶ್ನೆ ಕೇಳಿದರೆ 4.63 ಎನ್ನುವ ಮಕ್ಕಳು ಸಿಕ್ಕೇ ಸಿಗುತ್ತಾರೆ. ಅವರು ಯೋಚಿಸದೆ ಉತ್ತರ ಕೊಟ್ಟಿರುವುದಿಲ್ಲ. ಅರವತ್ತಮೂರು ಎಂಟಕ್ಕಿಂತ ದೊಡ್ಡದು, ಹಾಗಾಗಿ 4.63 ದೊಡ್ಡದು ಎಂಬ ಲೆಕ್ಕ ಅವರದು. ನಾವು ಅದನ್ನು ‘ನಾಲ್ಕು ಪಾಯಿಂಟ್ ಅರವತ್ತಮೂರು’ ಎಂದು ಓದಿ ಹೇಳಿದಾಗಲೆಲ್ಲ ಆ ಲೆಕ್ಕಕ್ಕೆ ಇನ್ನಷ್ಟು ಬಲ ಬರುತ್ತದೆ.

ಮೆಲ್ಬೋರ್ನ್ ವಿಶ್ವವಿದ್ಯಾಲಯದ ಕೇ ಸ್ಟೇಸಿ ಮತ್ತು ವಿಕಿ ಸ್ಟೈನ್ಲೆ 1990ರ ದಶಕದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮಕ್ಕಳ ಉತ್ತರಗಳನ್ನು ಹೀಗೆಯೇ ಪರಿಶೀಲಿಸಿದರು. ಮಕ್ಕಳ ತಪ್ಪುಗಳಿಗೆ ಒಂದು ಕ್ರಮವಿದೆ ಎಂಬುದು ಅವರ ಕೆಲಸದಿಂದ ಸ್ಪಷ್ಟವಾಯಿತು. ಕೆಲವು ಮಕ್ಕಳಿಗೆ ಅಂಕಿಗಳು ಹೆಚ್ಚಿದ್ದಷ್ಟೂ ಸಂಖ್ಯೆ ದೊಡ್ಡದು. ಕೆಲವರಿಗೆ ಇದರ ತಿರುಗುಮುರುಗು: ಹತ್ತರ ಒಂದು ಭಾಗ ನೂರರ ಒಂದು ಭಾಗಕ್ಕಿಂತ ದೊಡ್ಡದಲ್ಲವೇ, ಆದ್ದರಿಂದ ಅಂಕಿ ಕಡಿಮೆ ಇರುವುದೇ ದೊಡ್ಡದು ಎಂದುಕೊಳ್ಳುತ್ತಾರೆ. ಇನ್ನು ಕೆಲವರು ರೂಪಾಯಿ-ಪೈಸೆಯಂತೆ ಎರಡು ಅಂಕಿಗಳವರೆಗೆ ಸರಿಯಾಗಿ ನೋಡಿ, ಮೂರನೆಯದು ಬಂದಾಗ ತಡವರಿಸುತ್ತಾರೆ.

ಈ ವಿಷಯವನ್ನು ಗಣಿತ ಶಿಕ್ಷಕರಿಗೆ ತಲುಪಿಸಲು ಮೂರು ಗಂಟೆಗಳ ಒಂದು ಆನ್‌ಲೈನ್ ಮಾಡ್ಯೂಲ್ ಬೇಕಾಗಿದೆ ಎಂದಿಟ್ಟುಕೊಳ್ಳೋಣ. ಅದನ್ನು ಹೇಗೆ ಕಟ್ಟಬೇಕು? ಪ್ರಶ್ನೆ ಇಂದಿನ ಅಗತ್ಯದಿಂದಲೇ ಹುಟ್ಟಿದ್ದು. ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ಕಲಿಕೆಯಲ್ಲಿ ತೊಡಗಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ. 2019ರಲ್ಲಿ ಮುಖಾಮುಖಿ ತರಬೇತಿಯಾಗಿ ಶುರುವಾದ ‘ನಿಷ್ಠಾ’ ಮರುವರ್ಷ ಕೋವಿಡ್ ಕಾಲದಲ್ಲಿ ‘ದೀಕ್ಷಾ’ ವೇದಿಕೆಯ ಮೂಲಕ ಆನ್‌ಲೈನ್ ಆಯಿತು. ಅಂದಿನಿಂದ ಫೋನಿನಲ್ಲಿ ಕೋರ್ಸ್ ಮುಗಿಸುವುದು ಶಿಕ್ಷಕರ ಕೆಲಸದ ಭಾಗವೇ ಆಗಿದೆ.

ಎಲ್ಲಿಂದ ಶುರು ಮಾಡಬೇಕು?

ಸಾಮಾನ್ಯವಾಗಿ ಮೊದಲು ಸಿದ್ಧವಾಗುವುದು ಪಾಠ. ಒಬ್ಬ ಸಂಪನ್ಮೂಲ ವ್ಯಕ್ತಿ ದಶಮಾಂಶದ ಬಗ್ಗೆ ನಲವತ್ತು ನಿಮಿಷ ಮಾತನಾಡುತ್ತಾರೆ, ಅದು ವೀಡಿಯೊ ಆಗುತ್ತದೆ. ಜೊತೆಗೊಂದು ಪಿಡಿಎಫ್ ಸೇರುತ್ತದೆ. ಕೊನೆಗೆ ಆ ವೀಡಿಯೊದಲ್ಲಿ ಹೇಳಿದ್ದರಿಂದಲೇ ಹೆಕ್ಕಿದ ಹತ್ತು ಬಹು ಆಯ್ಕೆ ಪ್ರಶ್ನೆಗಳು. ಶಿಕ್ಷಕರು ಅವನ್ನು ಉತ್ತರಿಸಿ ಪ್ರಮಾಣಪತ್ರ ಪಡೆಯುತ್ತಾರೆ. ಆದರೆ ಮರುದಿನ ಮಗುವೊಂದು 4.63 ದೊಡ್ಡದು ಎಂದಾಗ ಏನು ಮಾಡಬೇಕೆಂಬುದಕ್ಕೆ ಆ ಹತ್ತು ಪ್ರಶ್ನೆಗಳಲ್ಲಿ ಯಾವುದೂ ಅವರನ್ನು ಸಜ್ಜುಗೊಳಿಸಿರುವುದಿಲ್ಲ.

ಗ್ರಾಂಟ್ ವಿಗಿನ್ಸ್ ಮತ್ತು ಜೇ ಮೆಕ್‌ಟೈ 1998ರಲ್ಲಿ ಪ್ರಕಟಿಸಿದ ಪುಸ್ತಕವೊಂದು ಈ ಕ್ರಮವನ್ನು ತಿರುಗಿಸಿತು. ಕಲಿತವರು ಏನನ್ನು ಮಾಡಬಲ್ಲವರಾಗಬೇಕು ಎಂಬುದನ್ನು ಮೊದಲು ನಿರ್ಧರಿಸಬೇಕು. ಅವರು ಅದನ್ನು ಮಾಡಬಲ್ಲರು ಎನ್ನಲು ಯಾವ ಪುರಾವೆ ಸಾಕು ಎಂಬುದನ್ನು ಆಮೇಲೆ ಗೊತ್ತುಮಾಡಬೇಕು. ಪಾಠ, ಚಟುವಟಿಕೆಗಳ ಸರದಿ ಬರುವುದು ಕೊನೆಗೆ.

ನಮ್ಮ ಮಾಡ್ಯೂಲಿನ ಗುರಿಯನ್ನು ‘ದಶಮಾಂಶದ ತಪ್ಪು ಕಲ್ಪನೆಗಳನ್ನು ಅರಿಯುವುದು’ ಎಂದು ಬರೆದರೆ ಸಾಲದು, ಏಕೆಂದರೆ ಅರಿತಿದ್ದಾರೋ ಇಲ್ಲವೋ ಎಂಬುದು ಯಾರಿಗೂ ಕಾಣುವುದಿಲ್ಲ. ಹೀಗೆ ಬರೆಯಬಹುದು: ‘ಒಂದು ಮಗುವಿನ ಉತ್ತರಗಳನ್ನು ನೋಡಿ, ಅದರ ಹಿಂದಿನ ಯೋಚನೆ ಯಾವುದೆಂದು ಶಿಕ್ಷಕರು ಗುರುತಿಸುತ್ತಾರೆ, ಆ ಮಗುವಿಗೆ ಮುಂದೆ ಕೇಳಬೇಕಾದ ಒಂದು ಪ್ರಶ್ನೆಯನ್ನು ಆರಿಸುತ್ತಾರೆ.’ ಮೂರು ಗಂಟೆಗೆ ಇದೊಂದೇ ಗುರಿ ಸಾಕು. ದಶಮಾಂಶದ ಗುಣಾಕಾರ, ಭಾಗಾಕಾರಗಳನ್ನೂ ಸೇರಿಸಿದರೆ ಯಾವುದಕ್ಕೂ ಅಭ್ಯಾಸದ ಸಮಯ ಉಳಿಯುವುದಿಲ್ಲ.

ಚಟುವಟಿಕೆ: ಮೂರು ಜೋಡಿ, ನಾಲ್ಕು ಮಕ್ಕಳು

ಮಾಡ್ಯೂಲ್ ತೆರೆದ ಕೂಡಲೇ ಶಿಕ್ಷಕರ ಮುಂದೆ ವೀಡಿಯೊ ಇರಬಾರದು, ಮಕ್ಕಳ ಉತ್ತರಗಳು ಇರಬೇಕು. ಮೂರು ಜೋಡಿಗಳನ್ನು ಕೊಡೋಣ: 4.8 ಮತ್ತು 4.63, 5.736 ಮತ್ತು 5.62, 4.45 ಮತ್ತು 4.4502. ಪ್ರತಿ ಜೋಡಿಯಲ್ಲಿ ದೊಡ್ಡದಕ್ಕೆ ಸುತ್ತು ಹಾಕಬೇಕು.

ಮೊದಲನೆಯ ಮಗು 4.63, 5.736, 4.4502 ಎಂದಿದೆ. ಎರಡನೆಯದು 4.8, 5.62, 4.45 ಎಂದಿದೆ. ಮೂರನೆಯದು 4.8, 5.736 ಎಂದು ಸರಿಯಾಗಿ ಹೇಳಿ, ಕೊನೆಯ ಜೋಡಿ ಎರಡೂ ಸಮ ಎಂದಿದೆ. ನಾಲ್ಕನೆಯ ಮಗುವಿನದು ಮೂರೂ ಸರಿ.

ಅಂಕ ಹಾಕಿ ನೋಡಿ. ಮೊದಲನೆಯ ಮಗುವಿಗೆ ಮೂರಕ್ಕೆ ಎರಡು, ಎರಡನೆಯದಕ್ಕೆ ಒಂದು. ಮೊದಲನೆಯದಕ್ಕೆ ವಿಷಯ ಬಹುಪಾಲು ಗೊತ್ತಿದೆ ಎಂದು ಅಂಕ ಹೇಳುತ್ತದೆ. ನಿಜದಲ್ಲಿ ಆ ಮಗು ಉದ್ದವಾದದ್ದೇ ದೊಡ್ಡದು ಎಂಬ ಒಂದೇ ನಿಯಮವನ್ನು ಮೂರೂ ಕಡೆ ಹಚ್ಚಿದೆ. ಎರಡು ಕಡೆ ಆ ತಪ್ಪು ನಿಯಮವೇ ಸರಿ ಉತ್ತರ ಕೊಟ್ಟಿದೆ. ಮೂರನೆಯದಕ್ಕೂ ಸಿಗುವುದು ಎರಡೇ ಅಂಕ, ಆದರೆ ಅದರ ತೊಡಕೇ ಬೇರೆ. 2.75 ಮತ್ತು 2.3, 0.125 ಮತ್ತು 0.08 ಇಂಥ ಜೋಡಿಗಳನ್ನಷ್ಟೇ ಕೊಡುವ ಪ್ರಶ್ನೆಪತ್ರಿಕೆಯಲ್ಲಿ ಮೊದಲನೆಯ ಮಗು ಪೂರ್ತಿ ಅಂಕ ಪಡೆದು ಮುಂದಿನ ತರಗತಿಗೆ ಹೋಗಿಬಿಡುತ್ತದೆ.

ಶಿಕ್ಷಕರು ಮೊದಲು ತಮ್ಮ ಊಹೆಯನ್ನು ಬರೆಯಬೇಕು. ಅದಾದ ಮೇಲೆ ಐದಾರು ನಿಮಿಷದ ವೀಡಿಯೊ ಬಂದು ಕಾರಣಗಳನ್ನು ವಿವರಿಸಲಿ. ವೀಡಿಯೊ ಚಿಕ್ಕದಾಗಿರಬೇಕು ಎನ್ನುವುದಕ್ಕೆ ಆಧಾರವಿದೆ. ಎಡ್‌ಎಕ್ಸ್ ಕೋರ್ಸ್‌ಗಳ ಮೇಲೆ 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವೀಡಿಯೊ ಎಷ್ಟೇ ಉದ್ದವಿದ್ದರೂ ಜನ ನೋಡುವ ಮಧ್ಯಮ ಅವಧಿ ಆರು ನಿಮಿಷ ದಾಟಲಿಲ್ಲ.

ಮುಂದಿನ ಚಟುವಟಿಕೆ ಪರಿಹಾರದ್ದು. ಹಣದ ಉದಾಹರಣೆ ನಮಗೆಲ್ಲ ಥಟ್ಟನೆ ಹೊಳೆಯುತ್ತದೆ. 4.8 ಎಂದರೆ ನಾಲ್ಕು ರೂಪಾಯಿ ಎಂಬತ್ತು ಪೈಸೆ ಎಂದರೆ ಮೊದಲ ಜೋಡಿ ಬಗೆಹರಿಯುತ್ತದೆ. ಆದರೆ ಮೂರು ಅಂಕಿಯ ಪೈಸೆಯಿಲ್ಲ, ಮೂರನೆಯ ಮಗು ಸಿಕ್ಕಿಬಿದ್ದಿರುವುದು ಅಲ್ಲಿಯೇ. ಮೀಟರ್ ಟೇಪು ಇದಕ್ಕಿಂತ ಮುಂದೆ ಹೋಗುತ್ತದೆ: 0.2 ಮೀಟರ್ ಎಂದರೆ 20 ಸೆಂಟಿಮೀಟರ್, 0.418 ಮೀಟರ್ ಎಂದರೆ 41 ಸೆಂಟಿಮೀಟರ್ 8 ಮಿಲಿಮೀಟರ್. ಮಗು ಟೇಪಿನ ಮೇಲೆ ಬೆರಳಿಟ್ಟು ತೋರಿಸಬಲ್ಲದು. ಯಾವ ಮಗುವಿಗೆ ಯಾವ ಸಾಮಗ್ರಿ, ಅದು ಎಲ್ಲಿಯವರೆಗೆ ನಡೆಯುತ್ತದೆ ಎಂಬುದನ್ನು ಶಿಕ್ಷಕರೇ ಇಲ್ಲಿ ನಿರ್ಧರಿಸಬೇಕು.

ಚರ್ಚೆ: ತರಗತಿಯಿಂದ ಒಂದು ಉತ್ತರ ತನ್ನಿ

‘ದಶಮಾಂಶ ಬೋಧನೆಯಲ್ಲಿ ನೀವು ಎದುರಿಸುವ ಸವಾಲುಗಳೇನು?’ ಎಂದು ಕೇಳಿದರೆ ‘ಮಕ್ಕಳಿಗೆ ಮೂಲ ಪರಿಕಲ್ಪನೆ ಇಲ್ಲ’, ‘ಪೋಷಕರ ಸಹಕಾರ ಇಲ್ಲ’ ಎಂಬ ಉತ್ತರಗಳು ಬರುತ್ತವೆ. ಅವುಗಳನ್ನು ನಕಲು ಮಾಡಿ ಅಂಟಿಸಿದ ಉತ್ತರಗಳೂ ಹಿಂದೆಯೇ ಬರುತ್ತವೆ. ತಪ್ಪು ಶಿಕ್ಷಕರದಲ್ಲ. ತರಗತಿಗೆ ಹೋಗದೆಯೇ ಉತ್ತರಿಸಬಹುದಾದ ಪ್ರಶ್ನೆಗೆ ಅಂಥದೇ ಉತ್ತರ ಸಿಗುತ್ತದೆ.

ಈ ಮಾಡ್ಯೂಲಿನ ಚರ್ಚೆಯ ಪ್ರಶ್ನೆಯನ್ನು ಹೀಗಿಡಬಹುದು: ‘ಮೂರು ಜೋಡಿಗಳನ್ನು ನಿಮ್ಮ ತರಗತಿಯ ನಾಲ್ಕು ಮಕ್ಕಳಿಗೆ ಕೊಡಿ. ಪ್ರತಿ ಮಗುವನ್ನೂ “ಹೇಗೆ ಗೊತ್ತಾಯಿತು?” ಎಂದು ಕೇಳಿ. ನಿಮಗೆ ಆಶ್ಚರ್ಯ ತಂದ ಒಂದು ಉತ್ತರವನ್ನು ಮಗುವಿನ ಮಾತಿನಲ್ಲೇ ಬರೆಯಿರಿ, ಹೆಸರು ಬೇಡ. ನಿಮ್ಮ ವಿವರಣೆಯೂ ಬೇಡ. ಬಳಿಕ ಇನ್ನೊಬ್ಬ ಶಿಕ್ಷಕರು ಬರೆದ ಉತ್ತರವನ್ನು ಓದಿ, ಅದರ ಹಿಂದಿನ ಯೋಚನೆಯನ್ನು ಊಹಿಸಿ, ಆ ಊಹೆ ಸರಿಯೇ ಎಂದು ಪರೀಕ್ಷಿಸಲು ಒಂದು ಹೊಸ ಜೋಡಿ ಸೂಚಿಸಿ.’

ವಿವರಣೆ ಬೇಡ ಎನ್ನುವುದಕ್ಕೆ ಕಾರಣವಿದೆ. ಬರೆದವರೇ ಎಲ್ಲವನ್ನೂ ಹೇಳಿಬಿಟ್ಟರೆ ಓದಿದವರಿಗೆ ‘ಚೆನ್ನಾಗಿದೆ ಸರ್’ ಎನ್ನುವುದು ಬಿಟ್ಟು ಬೇರೆ ಕೆಲಸ ಉಳಿಯುವುದಿಲ್ಲ. ಗುಂಪಿನಲ್ಲಿ ಹನ್ನೆರಡು-ಹದಿನೈದು ಜನರಿದ್ದರೆ ಒಬ್ಬರದನ್ನೊಬ್ಬರು ಓದುತ್ತಾರೆ. ಸಾವಿರ ಜನರಿದ್ದರೆ ಯಾರೂ ಓದುವುದಿಲ್ಲ. ಕರ್ನಾಟಕದಲ್ಲಿ ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಯ ಶಿಕ್ಷಕರನ್ನೇ ಒಂದು ಗುಂಪಾಗಿಸಬಹುದು. ಫೋನಿನಲ್ಲಿ ಶುರುವಾದ ಚರ್ಚೆಯನ್ನು ಸಿಆರ್‌ಪಿ ಮುಂದಿನ ಸಭೆಯಲ್ಲಿ ಮುಂದುವರಿಸಲು ಆಗ ಸಾಧ್ಯವಾಗುತ್ತದೆ.

ಮೌಲ್ಯಮಾಪನ: ತಪ್ಪು ಆಯ್ಕೆಗೂ ಅರ್ಥ ಇರಬೇಕು

‘ದಶಮಾಂಶ ಎಂದರೇನು?’ ಎಂಬ ಪ್ರಶ್ನೆ ನಮ್ಮ ಗುರಿಯನ್ನು ಅಳೆಯುವುದಿಲ್ಲ. ಇದು ಅಳೆಯುತ್ತದೆ: ‘ಒಂದು ಮಗು 4.8 ಮತ್ತು 4.63ರಲ್ಲಿ 4.8 ದೊಡ್ಡದು ಎಂದಿದೆ, 5.736 ಮತ್ತು 5.62ರಲ್ಲಿ 5.62 ದೊಡ್ಡದು ಎಂದಿದೆ. 7.41 ಮತ್ತು 7.418 ಕೊಟ್ಟರೆ ಅದೇ ಯೋಚನೆಯಲ್ಲಿ ಏನೆನ್ನುತ್ತದೆ?’ ಆಯ್ಕೆಗಳು: 7.41, 7.418, ಎರಡೂ ಸಮ.

ಉತ್ತರ 7.41, ಏಕೆಂದರೆ ಚಿಕ್ಕದಾಗಿ ಬರೆದದ್ದೇ ದೊಡ್ಡದು ಎಂದು ಆ ಮಗು ನಂಬಿದೆ. 7.418 ಆರಿಸಿದ ಶಿಕ್ಷಕರು ಮಗುವಿನ ಉತ್ತರದ ಬದಲು ತಮ್ಮ ಉತ್ತರ ಕೊಟ್ಟಿದ್ದಾರೆ. ‘ಎರಡೂ ಸಮ’ ಎಂದವರು ಈ ಮಗುವನ್ನು ರೂಪಾಯಿ-ಪೈಸೆಯ ಮಗುವೆಂದು ತಿಳಿದಿದ್ದಾರೆ. ಹೀಗೆ ಪ್ರತಿ ತಪ್ಪು ಆಯ್ಕೆಯೂ ಒಂದು ನಿಜವಾದ ಎಡವಟ್ಟನ್ನು ತೋರಿಸಿದರೆ, ‘ತಪ್ಪು, ಮತ್ತೆ ಪ್ರಯತ್ನಿಸಿ’ ಎನ್ನುವ ಬದಲು ಎಲ್ಲಿ ಜಾರಿದಿರಿ ಎಂದು ಅಲ್ಲೇ ಹೇಳಬಹುದು. ಸರಿ ಉತ್ತರಗಳ ಪಟ್ಟಿ ವಾಟ್ಸ್ಆ್ಯಪ್‌ನಲ್ಲಿ ಹರಿದಾಡುವ ತೊಂದರೆಗೂ ಇಲ್ಲಿ ಉಪಾಯವಿದೆ. ಸಂಖ್ಯೆಗಳನ್ನೂ ಮಗುವಿನ ಯೋಚನೆಯನ್ನೂ ಬದಲಿಸಿ ಇಂಥ ಮೂವತ್ತು-ನಲವತ್ತು ಪ್ರಶ್ನೆ ಬರೆದಿಟ್ಟರೆ ಒಬ್ಬೊಬ್ಬರಿಗೆ ಒಂದೊಂದು ಬಗೆಯದು ಬರುತ್ತದೆ.

ಎರಡನೆಯ ಭಾಗ ಬರವಣಿಗೆ. ತಮ್ಮ ತರಗತಿಯ ಒಂದು ಮಗುವಿನ ಉತ್ತರ, ಅದರ ಹಿಂದಿನ ಯೋಚನೆಯ ಊಹೆ, ತಾವು ಮುಂದೆ ಕೇಳಿದ ಪ್ರಶ್ನೆ, ಆಮೇಲೆ ಆದದ್ದು, ಇಷ್ಟನ್ನು ಏಳೆಂಟು ಸಾಲಿನಲ್ಲಿ ಬರೆಯಬೇಕು. ಇದನ್ನು ನೋಡಲು ಎರಡೇ ಮಾನದಂಡ ಸಾಕು: ಊಹೆ ಮಗುವಿನ ಉತ್ತರಗಳಿಗೆ ಹೊಂದುತ್ತದೆಯೇ? ಮುಂದಿನ ಪ್ರಶ್ನೆ ಆ ಊಹೆಯನ್ನು ನಿಜಕ್ಕೂ ಪರೀಕ್ಷಿಸುತ್ತದೆಯೇ? ಇಬ್ಬರು ಸಹಶಿಕ್ಷಕರು ಓದಿ ಹೇಳಬಹುದು. ಪ್ರಯತ್ನ ಫಲಿಸಲಿಲ್ಲ ಎಂದು ಪ್ರಾಮಾಣಿಕವಾಗಿ ಬರೆದವರಿಗೆ ಅಂಕ ಕಡಿಮೆಯಾಗಬಾರದು. ಕಡಿಮೆಯಾಗುತ್ತದೆಂದು ಗೊತ್ತಾದರೆ ಎಲ್ಲರ ತರಗತಿಯಲ್ಲೂ ಎಲ್ಲ ಮಕ್ಕಳೂ ಕಲಿತುಬಿಟ್ಟಿರುತ್ತಾರೆ.

ಕೆಟ್ಟಿದೆ ಎಂದು ತಿಳಿಯುವುದು ಹೇಗೆ?

ಎಲ್ಲರಿಗೂ ಬಿಡುವ ಮುಂಚೆ ಐದಾರು ಶಿಕ್ಷಕರಿಗೆ ಅವರವರ ಫೋನಿನಲ್ಲೇ ಮಾಡ್ಯೂಲ್ ಕೊಟ್ಟು ಪಕ್ಕದಲ್ಲಿ ಕೂತು ನೋಡಬೇಕು. ಮೂರು ಗಂಟೆಯದು ನಲವತ್ತು ನಿಮಿಷದಲ್ಲಿ ಮುಗಿದರೆ ಚಟುವಟಿಕೆಗಳನ್ನು ದಾಟಿ ಹೋಗಲು ದಾರಿಯಿದೆ ಎಂದರ್ಥ. ಕೊನೆಯ ಪ್ರಶ್ನೆಗಳಿಗೆ ಮಾಡ್ಯೂಲ್ ಓದದವರೂ ಸರಿಯಾಗಿ ಉತ್ತರಿಸಿದರೆ ಆ ಪ್ರಶ್ನೆಗಳನ್ನು ತೆಗೆಯಬೇಕು. ಚರ್ಚೆಯಲ್ಲಿ ಮಕ್ಕಳ ಮಾತೇ ಇಲ್ಲದೆ ಬರೀ ಅಭಿಪ್ರಾಯಗಳಿದ್ದರೆ ಬದಲಾಗಬೇಕಾದದ್ದು ಚರ್ಚೆಯ ಪ್ರಶ್ನೆ.

ಇಷ್ಟೆಲ್ಲ ಮಾಡಿದರೂ ಒಂದು ಮಿತಿ ಉಳಿಯುತ್ತದೆ. ಶಿಕ್ಷಕರು ತಪ್ಪನ್ನು ಗುರುತಿಸಬಲ್ಲರು ಎಂಬುದನ್ನಷ್ಟೇ ಮಾಡ್ಯೂಲ್ ತೋರಿಸುತ್ತದೆ, ಮಕ್ಕಳು ಕಲಿತರು ಎಂಬುದನ್ನಲ್ಲ. ಅದಕ್ಕೆ ತಿಂಗಳೆರಡು ಬಿಟ್ಟು ಅದೇ ಮಕ್ಕಳಿಗೆ ಬೇರೆ ಮೂರು ಜೋಡಿ ಕೊಟ್ಟು ನೋಡಬೇಕಾಗುತ್ತದೆ. ಆ ಕೆಲಸಕ್ಕೂ ಯೋಜನೆಯಲ್ಲಿ ದಿನ ಗೊತ್ತುಮಾಡಿಡಬೇಕು.

ಶಿಕ್ಷಕರಿಗಾಗಿ ಕೋರ್ಸ್ ತಯಾರಿಸುವವರಲ್ಲಿ ಒಂದು ಮನವಿ. ಕ್ಯಾಮೆರಾ ತರಿಸುವ ಮೊದಲು, ನಿಮ್ಮ ಕೋರ್ಸಿನ ಕೊನೆಯ ಪ್ರಶ್ನೆಯನ್ನು ಒಂದು ಹಾಳೆಯಲ್ಲಿ ಬರೆದು ಮೂವರು ಶಿಕ್ಷಕರಿಗೆ ತೋರಿಸಿ. ಇದು ಬಂದರೆ ನಾಳೆಯ ತರಗತಿಗೆ ಉಪಯೋಗವಾಗುತ್ತದೆ ಎಂದು ಅವರು ಹೇಳಿದರೆ ಮುಂದುವರಿಯಿರಿ. ಹೇಳದಿದ್ದರೆ ಪ್ರಶ್ನೆಯನ್ನು ಬದಲಿಸಿ.