ಸುರಕ್ಷತಾ ಅಧಿಕಾರಿ (ಕಾರ್ಖಾನೆ)

ಸುರಕ್ಷತಾ ಅಧಿಕಾರಿ ಎಂದರೆ ಕಾರ್ಖಾನೆಯಲ್ಲಿ ಅಪಘಾತ ಹಾಗೂ ವೃತ್ತಿಸಂಬಂಧಿ ಕಾಯಿಲೆಗಳನ್ನು ತಡೆಯುವ ವಿಷಯದಲ್ಲಿ ಆಡಳಿತವರ್ಗಕ್ಕೆ ಸಲಹೆ ನೀಡಲು ನೇಮಕಗೊಂಡ ಅಧಿಕಾರಿ. ಭಾರತದಲ್ಲಿ ಈ ಹುದ್ದೆಗೆ ಶಾಸನದ ಆಧಾರ ದೊರೆತದ್ದು 1948ರ ಕಾರ್ಖಾನೆಗಳ ಕಾಯಿದೆಗೆ 1976ರಲ್ಲಿ ಸೇರಿಸಲಾದ 40-ಬಿ ಕಲಮಿನಿಂದ.

ನೇಮಕ

ಸಾಮಾನ್ಯವಾಗಿ 1000 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗಳಲ್ಲಿ, ಹಾಗೂ ಗಾಯ, ವಿಷಪ್ರಾಶನ ಅಥವಾ ಕಾಯಿಲೆಯ ಅಪಾಯವಿರುವ ಕಾರ್ಖಾನೆಗಳಲ್ಲಿ, ರಾಜ್ಯ ಸರ್ಕಾರವು ಅಧಿಸೂಚನೆಯ ಮೂಲಕ ಈ ನೇಮಕವನ್ನು ಕಡ್ಡಾಯಗೊಳಿಸಬಹುದೆಂದು ಆ ಕಲಮು ಹೇಳಿತು. 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕಾರ್ಯಸ್ಥಿತಿಗಳ ಸಂಹಿತೆಯು ಮಿತಿಯನ್ನು 500 ಕಾರ್ಮಿಕರಿಗೂ, ಅಪಾಯಕಾರಿ ಪ್ರಕ್ರಿಯೆಯ ಕಾರ್ಖಾನೆಗಳಲ್ಲಿ 250ಕ್ಕೂ ಇಳಿಸಿದೆ. ನೇಮಿಸುವವರೂ ಸಂಬಳ ಕೊಡುವವರೂ ಕಾರ್ಖಾನೆಯವರೇ. ಈ ಹುದ್ದೆಯ ಮುಖ್ಯ ಇಕ್ಕಟ್ಟು ಇಲ್ಲಿಂದಲೇ ಆರಂಭವಾಗುತ್ತದೆ.

ಕರ್ತವ್ಯ ಮತ್ತು ಸ್ವಾತಂತ್ರ್ಯ

ಕಾರ್ಖಾನೆಯನ್ನು ಸುತ್ತಿ ಪರಿಶೀಲಿಸುವುದು, ಅಪಘಾತಗಳ ಕಾರಣ ಹುಡುಕುವುದು, ಕಾರ್ಮಿಕರಿಗೆ ತರಬೇತಿ ಕೊಡಿಸುವುದು ಅಧಿಕಾರಿಯ ಕೆಲಸಗಳು. ಆದರೆ ಅವರ ಪಾತ್ರ ಮೂಲತಃ ಸಲಹೆಗಾರನದು. ಶಾಸನದ ಹೊಣೆ ಕಾರ್ಖಾನೆಯ ಅಂತಿಮ ನಿಯಂತ್ರಣ ಹೊಂದಿರುವ ಅಧಿಭೋಗದಾರ ಹಾಗೂ ವ್ಯವಸ್ಥಾಪಕರ ಮೇಲೆಯೇ ಇರುತ್ತದೆ.

ದ್ರಾವಕ ತುಂಬಿದ್ದ ಟ್ಯಾಂಕೊಂದನ್ನು ಶುಚಿಗೊಳಿಸಬೇಕಾಗಿದೆ ಎಂದುಕೊಳ್ಳೋಣ. ಮೇಲ್ವಿಚಾರಕ ಟ್ಯಾಂಕಿನ ಬಾಯಲ್ಲಿ ಮಾಪಕ ಹಿಡಿದಾಗ ಆಮ್ಲಜನಕ ಶೇ. 20.8 ಇದೆ. ಅಧಿಕಾರಿ ಅದನ್ನೇ ಹಗ್ಗಕ್ಕೆ ಕಟ್ಟಿ ತಳಕ್ಕೆ ಇಳಿಸಿದಾಗ ಶೇ. 17 ತೋರಿಸುತ್ತದೆ. ಗಾಳಿಗಿಂತ ಭಾರವಾದ ಆವಿ ತಳದಲ್ಲಿ ನಿಂತು ಆಮ್ಲಜನಕವನ್ನು ಹೊರದೂಡಿರುತ್ತದೆ. ಸುರಕ್ಷಿತವೆಂದು ರೂಢಿಯಲ್ಲಿ ಒಪ್ಪುವ ಕನಿಷ್ಠ ಮಟ್ಟ ಶೇ. 19.5. 2025ರವರೆಗೆ ಜಾರಿಯಲ್ಲಿದ್ದ ಕಾರ್ಖಾನೆಗಳ ಕಾಯಿದೆಯ 36ನೇ ಕಲಮು ಹೇಳುತ್ತಿದ್ದಂತೆ, ಸಮರ್ಥ ವ್ಯಕ್ತಿಯು ಸ್ವತಃ ಪರೀಕ್ಷಿಸಿ ಲಿಖಿತ ಪ್ರಮಾಣಪತ್ರ ಕೊಡಬೇಕು. ಇಲ್ಲವೇ ಒಳಗಿಳಿಯುವವನು ಉಸಿರಾಟದ ಸಾಧನ ಧರಿಸಿ, ಅವನ ಸೊಂಟಪಟ್ಟಿಗೆ ಕಟ್ಟಿದ ಹಗ್ಗದ ತುದಿಯನ್ನು ಹೊರಗೊಬ್ಬರು ಹಿಡಿದಿರಬೇಕು. ಆದ್ದರಿಂದ ಗಾಳಿಯಂತ್ರ ಚಾಲೂ ಮಾಡಿ ಮತ್ತೆ ಅಳೆಯುವವರೆಗೆ ಯಾರೂ ಇಳಿಯಬಾರದೆಂದು ಅಧಿಕಾರಿ ಬರೆಯುತ್ತಾರೆ. ಉತ್ಪಾದನಾ ವ್ಯವಸ್ಥಾಪಕರಿಗೋ ಸಂಜೆಯೊಳಗೆ ಟ್ಯಾಂಕು ಬೇಕು.

ಅಧಿಕಾರಿಯ ವಾರ್ಷಿಕ ವರದಿ ಬರೆಯುವವರು ಅದೇ ವ್ಯವಸ್ಥಾಪಕರಾದರೆ ಆ ಟಿಪ್ಪಣಿ ಉಳಿಯುವುದು ಕಷ್ಟ. ಈ ಕಾರಣದಿಂದಲೇ ಸುರಕ್ಷತಾ ಅಧಿಕಾರಿಗಳ ನಿಯಮಗಳು ಅವರಿಗೆ ಹಿರಿಯ ಅಧಿಕಾರಿಯ ಸ್ಥಾನ ನೀಡಿ, ಕಾರ್ಖಾನೆಯ ಮುಖ್ಯಸ್ಥರ ನೇರ ಅಧೀನದಲ್ಲಿರಿಸುತ್ತವೆ. ಕರ್ತವ್ಯಕ್ಕೆ ಅಡ್ಡಿಯಾಗುವ ಬೇರೆ ಕೆಲಸ ವಹಿಸುವುದನ್ನೂ ನಿಷೇಧಿಸುತ್ತವೆ.

ಸಮಸ್ಯೆಗಳು

ನಿಷೇಧವಿದ್ದರೂ ಕ್ಯಾಂಟೀನು, ಕಾವಲು, ಹಾಜರಿಯಂಥ ಕೆಲಸಗಳು ಇವರ ಹೆಗಲೇರುವುದುಂಟು. ಸಮಯ ಸಾಲದಾದಾಗ ಕೆಲಸದ ಪರವಾನಗಿಗಳಿಗೆ ಕಚೇರಿಯಲ್ಲೇ ಕುಳಿತು ಸಹಿ ಹಾಕುವ ಅಭ್ಯಾಸ ಬೆಳೆಯುತ್ತದೆ. ಇದನ್ನು ಪತ್ತೆಹಚ್ಚುವುದು ಕಷ್ಟವಲ್ಲ: ಬೇರೆ ಬೇರೆ ದಿನಗಳ ಪರವಾನಗಿಗಳಲ್ಲಿ ಅನಿಲ ಮಾಪನದ ಅಂಕಿ ಒಂದೇ ಆಗಿರುತ್ತದೆ, ಅಥವಾ ಸಹಿಯ ವೇಳೆ ಕೆಲಸ ಆರಂಭವಾದ ನಂತರದ್ದಾಗಿರುತ್ತದೆ. ಅಪಘಾತವಾದಾಗ ಮೊದಲು ಪ್ರಶ್ನೆಗೊಳಗಾಗುವುದೂ ಇದೇ ಸಹಿ. ಸಲಹೆ ಕೇವಲ ಮಾತಿನಲ್ಲಿದ್ದರೆ ಅದನ್ನು ಕೊಟ್ಟಿದ್ದೆನೆಂದು ತೋರಿಸಲು ಅಧಿಕಾರಿಯ ಬಳಿ ಏನೂ ಇರುವುದಿಲ್ಲ. ಆದ್ದರಿಂದ ಅನುಭವಿಗಳು ದಿನಾಂಕ ಹಾಗೂ ವೇಳೆ ಸಹಿತ ಲಿಖಿತ ಟಿಪ್ಪಣಿಯನ್ನು ಮುಖ್ಯಸ್ಥರಿಗೆ ಕಳುಹಿಸಿ ಸ್ವೀಕೃತಿ ಪಡೆಯುತ್ತಾರೆ.