ಮುಹೂರ್ತ ಯಾವತ್ತು ಅಂತ ಕೇಳಿದಿರಾ?

ವಿವಾಹ ಮೇಳದ ಎರಡನೇ ದಿನ ರಾತ್ರಿ ಮಳಿಗೆ ಬಿಚ್ಚುವಾಗ ಬಹಳ ಮಂದಿ ಖುಷಿಯಾಗಿಯೇ ಇರುತ್ತಾರೆ. ಡಬ್ಬಿ ತುಂಬ ಚೀಟಿಗಳಿವೆ, ಪ್ರತಿ ಚೀಟಿಯಲ್ಲೂ ಒಂದು ಫೋನ್ ನಂಬರ್ ಇದೆ. ಮರುವಾರ ಫೋನ್ ಮಾಡಲು ಕೂತಾಗ ನಿಜಸ್ಥಿತಿ ತಿಳಿಯುತ್ತದೆ. ಒಬ್ಬರು ಸುಮ್ಮನೆ ನೋಡಲು ಬಂದಿದ್ದರಂತೆ. ಇನ್ನೊಬ್ಬರ ಮಗಳು ಇನ್ನೂ ಓದುತ್ತಿದ್ದಾಳೆ. ಮತ್ತೊಬ್ಬರ ನಂಬರಿನಲ್ಲಿ ಒಂದು ಅಂಕಿ ಕಡಿಮೆ. ಕಡೆಗೆ ನಿಜವಾದ ಗಿರಾಕಿಯೊಬ್ಬರು ಸಿಕ್ಕರೆ, ಅವರ ಮದುವೆಯ ದಿನ ನಿಮಗೆ ಆಗಲೇ ಬೇರೆ ಕೆಲಸ ಬಂದಿರುತ್ತದೆ.

ಮದುವೆ ವ್ಯಾಪಾರವೆಲ್ಲ ಒಂದೇ ಬಗೆಯದಲ್ಲ. ಸೀರೆ ಅಂಗಡಿಯವರು ಒಂದೇ ಮುಹೂರ್ತಕ್ಕೆ ನೂರು ಮನೆಗೆ ಸೀರೆ ಮಾರಬಲ್ಲರು. ಮಂಟಪ ಅಲಂಕಾರ, ಅಡುಗೆ, ಫೋಟೋ, ವಾಲಗದವರು ಹಾಗಲ್ಲ. ಅವರು ಮಾರುವುದು ತಾರೀಖನ್ನು. ಆಷಾಢ ಮತ್ತು ಧನುರ್ಮಾಸ ಬಿಟ್ಟರೆ ಉಳಿದ ತಿಂಗಳುಗಳಲ್ಲೂ ಒಳ್ಳೆಯ ಲಗ್ನಗಳು ಕೆಲವೇ. ಹಾಗಾಗಿ ಇಂಥವರು ಮಳಿಗೆ ಹಾಕುವಾಗ ಖರ್ಚು, ಉಡುಗೊರೆ, ವಿಚಾರಣೆ, ಆಮೇಲಿನ ಫೋನು ಎಲ್ಲವನ್ನೂ ತಮ್ಮ ಡೈರಿಯಲ್ಲಿ ಖಾಲಿ ಇರುವ ದಿನಗಳ ಕಡೆಯಿಂದ ಲೆಕ್ಕ ಹಾಕಬೇಕು.

ಬಾಡಿಗೆ ಅರ್ಧ ಮಾತ್ರ

ಮೈಸೂರಿನಂಥ ಊರಲ್ಲಿ ಗಂಡ ಹೆಂಡತಿ ಸೇರಿ ಮಂಟಪ ಅಲಂಕಾರದ ಕೆಲಸ ಮಾಡುತ್ತಾರೆ ಎಂದಿಟ್ಟುಕೊಳ್ಳೋಣ. ದಿನಕ್ಕೆ ಹೆಚ್ಚೆಂದರೆ ಎರಡು ಮದುವೆ ನಿಭಾಯಿಸಬಲ್ಲರು. ಎರಡು ದಿನದ ಮೇಳದಲ್ಲಿ ಹತ್ತಡಿಗೆ ಹತ್ತಡಿ ಮಳಿಗೆಯ ಬಾಡಿಗೆ 25,000 ರೂಪಾಯಿ. ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿ 29,500. ಈ ದುಡ್ಡಿಗೆ ಸಾಮಾನ್ಯವಾಗಿ ಸಿಗುವುದು ಮೂರು ಬದಿಯ ಗೋಡೆ, ಮೇಲೊಂದು ಹೆಸರಿನ ಪಟ್ಟಿ, ಒಂದು ಟೇಬಲ್, ಎರಡು ಕುರ್ಚಿ, ಒಂದೆರಡು ದೀಪ, ಒಂದು ಪ್ಲಗ್ ಪಾಯಿಂಟ್.

ಉಳಿದದ್ದೆಲ್ಲ ಕೈಯಿಂದಲೇ. ಹೂವು ಮತ್ತು ಅಲಂಕಾರಕ್ಕೆ 9,000. ಬಾಡಿಗೆ ಟಿವಿ, ಬ್ಯಾನರ್, ಹೆಚ್ಚುವರಿ ವಿದ್ಯುತ್ತಿಗೆ 6,500. ಛಾಪಿಸಿದ ಪುಸ್ತಿಕೆ, ಕಾರ್ಡುಗಳಿಗೆ 4,000. ಇಬ್ಬರು ಹುಡುಗರ ಕೂಲಿ, ಊಟ ತಿಂಡಿ, ಟೆಂಪೊ ಸೇರಿ 8,000. ಕೈಮೀರಿದ್ದಕ್ಕೆಂದು 3,000 ತೆಗೆದಿಟ್ಟರೆ ಒಟ್ಟು 60,000. ಬಾಡಿಗೆ ಕಟ್ಟಿದ ಕೂಡಲೇ ಮುಗಿಯಿತು ಅಂದುಕೊಂಡವರು ಎಡವುವುದು ಇಲ್ಲೇ. ಅದರಲ್ಲೂ ಹೂವಿನವರಿಗೆ ಎರಡನೇ ದಿನದ ಖರ್ಚು ನೆನಪಿರಬೇಕು. ಸೇವಂತಿಗೆ ಎರಡು ದಿನ ತಡೆಯುತ್ತದೆ, ಮಲ್ಲಿಗೆ ಅದೇ ಸಂಜೆಗೆ ಬಾಡುತ್ತದೆ. ಬಾಡಿದ ಮಂಟಪದ ಮುಂದೆ ನಿಂತು ಅಲಂಕಾರದ ಮಾತಾಡಿದರೆ ಯಾರು ಕೇಳುತ್ತಾರೆ?

ಈಗ ಇನ್ನೊಂದು ಲೆಕ್ಕ. ಇವರ ಒಂದು ಮಂಟಪದ ಕೆಲಸ 80,000 ರೂಪಾಯಿಯದು. ಹೂವು, ಕೂಲಿ ಕಳೆದು ಕೈಗುಳಿಯುವುದು 20,000. ಮೇಳದ ಖರ್ಚು ಹುಟ್ಟಬೇಕಾದರೆ ಮೂರು ಮದುವೆ ಕುದುರಬೇಕು. ಅದಕ್ಕೇ ದುಡ್ಡು ಕಟ್ಟುವ ಮೊದಲು ಡೈರಿ ತೆರೆದು, ಮುಂದಿನ ಆರು ತಿಂಗಳ ಲಗ್ನಗಳಲ್ಲಿ ಎಷ್ಟು ಖಾಲಿ ಇವೆ ಎಂದು ನೋಡಬೇಕು. ನಾಲ್ಕೇ ದಿನ ಖಾಲಿ ಇದ್ದರೆ ಮೇಳ ಈ ಸಲ ಬೇಡ. ಆಯೋಜಕರನ್ನು ಕೇಳಬೇಕಾದ ಒಂದು ಪ್ರಶ್ನೆಯೂ ಇದೆ: ಅಲಂಕಾರದವರಿಗೇ ಎಷ್ಟು ಮಳಿಗೆ ಕೊಟ್ಟಿದ್ದೀರಿ?

ಮಿಕ್ಸಿ ಬೇಡ, ಪಟ್ಟಿ ಕೊಡಿ

ಚೀಟಿ ಎತ್ತಿ ಮಿಕ್ಸಿ ಕೊಡುತ್ತೇವೆ ಎಂದು ಬೋರ್ಡು ಹಾಕಿದರೆ ಮೇಳಕ್ಕೆ ಬಂದವರೆಲ್ಲ ಹೆಸರು ಬರೆಯುತ್ತಾರೆ. ಮಿಕ್ಸಿ ಯಾರಿಗೆ ಬೇಡ? ಬಹುಮಾನ ಇಡಲೇಬೇಕಿದ್ದರೆ ಮದುವೆ ಮನೆಯವರಿಗೆ ಮಾತ್ರ ಬೇಕಾದದ್ದನ್ನು ಇಡಬೇಕು. ಚಪ್ಪರದ ದಿನ ಮನೆ ಬಾಗಿಲಿನ ಹೂವಿನ ಅಲಂಕಾರ ಉಚಿತ ಅಂದರೆ, ಮದುವೆ ಇಲ್ಲದವರು ತಾವಾಗಿಯೇ ಮುಂದೆ ಹೋಗುತ್ತಾರೆ.

ಕೈಗೆ ಕೊಡುವ ಉಡುಗೊರೆಗೂ ಇದೇ ಮಾತು. ಪೆನ್ನು, ಕೀಚೈನು ಚೀಲದ ತಳ ಸೇರುತ್ತವೆ. ಅದರ ಬದಲು ಮದುವೆ ಸಾಮಾನಿನ ಪಟ್ಟಿಯ ಒಂದು ಚಿಕ್ಕ ಪುಸ್ತಿಕೆ ಮಾಡಿಸಿ. ಕಳಶ, ಅಕ್ಷತೆ, ಬಾಸಿಂಗ, ಅಂತರಪಟ, ಕಾಲುಂಗುರ, ತಾಂಬೂಲದ ಎಣಿಕೆ, ಯಾರಿಗೆ ಏನು ಒಪ್ಪಿಸಿದ್ದೇವೆ ಎಂದು ಬರೆದುಕೊಳ್ಳಲು ಖಾಲಿ ಜಾಗ, ಪ್ರತಿ ಪುಟದ ಕೆಳಗೆ ನಿಮ್ಮ ನಂಬರ್. ಒಂದಕ್ಕೆ 20 ರೂಪಾಯಿಯಂತೆ 150 ಪ್ರತಿಗೆ 3,000 ಆಯಿತು. ಮದುವೆ ಮುಗಿಯುವವರೆಗೆ ಅದು ಆ ಮನೆಯಲ್ಲೇ ಇರುತ್ತದೆ. ದಾರಿಹೋಕರಿಗೆ ಕಾರ್ಡು ಸಾಕು. ಪುಸ್ತಿಕೆ ಕೂತು ಮಾತಾಡಿದವರಿಗೆ.

ಐದು ಪ್ರಶ್ನೆ, ಒಂದು ಮಿಸ್ಡ್ ಕಾಲ್

ಉದ್ದದ ಅರ್ಜಿ ಕೊಟ್ಟರೆ ಯಾರೂ ತುಂಬುವುದಿಲ್ಲ. ಹೆಸರು, ಫೋನು, ಮುಹೂರ್ತ, ಛತ್ರ, ಹೆಣ್ಣಿನ ಕಡೆಯೋ ಗಂಡಿನ ಕಡೆಯೋ, ಇಷ್ಟೇ ಸಾಕು. ಅದನ್ನೂ ಅವರ ಕೈಗೆ ಕೊಡದೆ ಮಾತಾಡುತ್ತ ನೀವೇ ಬರೆದುಕೊಳ್ಳಿ. ‘ಅಮ್ಮಾ, ಮುಹೂರ್ತ ಯಾವತ್ತು?’ ಎಂಬುದೇ ಮೊದಲ ಮಾತಾಗಲಿ. ಛತ್ರ ಗೊತ್ತಾಗಿದ್ದರೆ ಮದುವೆ ಗಟ್ಟಿ, ಮಂಟಪದ ಅಳತೆಯೂ ನಿಮಗೆ ಗೊತ್ತಾಗುತ್ತದೆ. ಯಾವ ಕಡೆಯವರು ಎಂದು ಕೇಳುವುದಕ್ಕೂ ಕಾರಣವಿದೆ. ನಮ್ಮಲ್ಲಿ ಅನೇಕ ಮನೆಗಳಲ್ಲಿ ಧಾರೆಯ ಖರ್ಚು ಹೆಣ್ಣಿನವರದು, ಬೀಗರೂಟ ಗಂಡಿನವರದು. ದುಡ್ಡು ಕೊಡುವವರು ಯಾರು ಎಂದು ತಿಳಿಯದೆ ದರ ಹೇಳಿ ಫಲವಿಲ್ಲ.

ಎಷ್ಟು ಖರ್ಚು ಮಾಡುತ್ತೀರಿ ಎಂದು ನೇರ ಕೇಳಿದರೆ ಯಾರೂ ಹೇಳುವುದಿಲ್ಲ. ಮೂರು ಮಂಟಪದ ಫೋಟೋಗಳ ಕೆಳಗೆ ದರ ಬರೆದು ಟೇಬಲ್ ಮೇಲಿಡಿ. ಹುಡುಗಿ ಯಾವುದನ್ನು ನೋಡುತ್ತಾಳೆ, ಅವಳ ಅಪ್ಪ ಯಾವುದರ ಮುಂದೆ ನಿಲ್ಲುತ್ತಾರೆ ಎರಡನ್ನೂ ಚೀಟಿಯಲ್ಲಿ ಗುರುತು ಹಾಕಿಕೊಳ್ಳಿ.

ಕೊನೆಗೆ, ಫೋಟೋ ಕಳಿಸಲು ಒಪ್ಪಿಗೆ ಕೇಳಿ, ಅಲ್ಲೇ ಅವರ ನಂಬರಿಗೆ ಒಂದು ಮಿಸ್ಡ್ ಕಾಲ್ ಕೊಡಿ. ಅಂಕಿ ತಪ್ಪಿದ್ದರೆ ಆಗಲೇ ತಿಳಿಯುತ್ತದೆ. ನಿಮ್ಮ ನಂಬರನ್ನು ಅವರು ಹೆಸರಿಟ್ಟು ಸೇವ್ ಮಾಡಿಕೊಂಡರೆ ಇನ್ನೂ ಒಳ್ಳೆಯದು. ವಾಟ್ಸ್ಆ್ಯಪ್‌ನಲ್ಲಿ ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿ ಕಳಿಸಿದ ಸಂದೇಶ, ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗಷ್ಟೇ ತಲುಪುತ್ತದೆ.

ಮೂರು ಕಟ್ಟು

ಮೇಳದಿಂದ ಬಂದ ರಾತ್ರಿಯೇ ಚೀಟಿಗಳನ್ನು ಮೂರು ಕಟ್ಟು ಮಾಡಿ ರಬ್ಬರ್ ಬ್ಯಾಂಡ್ ಹಾಕಬೇಕು. ಮುಹೂರ್ತ, ಛತ್ರ ಗೊತ್ತಾಗಿ ನಿಮಗೂ ಆ ದಿನ ಖಾಲಿ ಇರುವವರು ಒಂದು ಕಟ್ಟು. ಸಂಬಂಧ ಗಟ್ಟಿಯಾಗಿ ಲಗ್ನ ನೋಡಬೇಕಾದವರು ಎರಡನೆಯದು. ಉಳಿದವರು ಮೂರನೆಯದು. ಮೊದಲ ಕಟ್ಟಿನವರಿಗೆ ಅವರು ನಿಂತು ನೋಡಿದ ಅದೇ ಮಂಟಪದ ಫೋಟೋ ಆ ರಾತ್ರಿಯೇ ಹೋಗಲಿ. ಎಲ್ಲರಿಗೂ ಒಂದೇ ಬಗೆಯ ಶುಭಾಶಯ ಕಳಿಸಿದರೆ ಹತ್ತು ಮಳಿಗೆಯವರ ಸಂದೇಶಗಳ ನಡುವೆ ಅದೂ ಕಳೆದುಹೋಗುತ್ತದೆ.

ಎರಡು ದಿನ ಬಿಟ್ಟು ಸಂಜೆ ಫೋನ್ ಮಾಡಿ. ಅಷ್ಟರಲ್ಲಿ ಮನೆಯವರು ಕೂತು ಮಾತಾಡಿರುತ್ತಾರೆ. ದರದ ಚೌಕಾಸಿಯನ್ನು ಫೋನಿನಲ್ಲೇ ಎಳೆಯಬೇಡಿ. ಬೇರೆ ಮದುವೆಯ ಹಿಂದಿನ ದಿನ ನೀವು ಮಂಟಪ ಕಟ್ಟುವಾಗ, ಆ ಮನೆಯವರ ಒಪ್ಪಿಗೆ ಪಡೆದು, ಬಂದು ನೋಡಿ ಎಂದು ಕರೆಯಿರಿ. ಹೇಳಿದ ದರಕ್ಕೆ ಒಂದು ವಾರದ ಗಡುವು ಇರಲಿ. ಮುಂಗಡ ಕೊಟ್ಟವರಿಗೇ ತಾರೀಖು ಎಂದು ಮೊದಲೇ ಹೇಳಿ. ಮೂರು ಸಲ ಫೋನ್ ಮಾಡಿಯೂ ಹೂಂ ಅನ್ನದವರನ್ನು ಬಿಡುವುದು ಒಳ್ಳೆಯದು. ಎರಡನೇ ಕಟ್ಟಿನವರಿಗೆ ಮಾತ್ರ ತಿಂಗಳ ನಂತರ ‘ಲಗ್ನ ಗೊತ್ತಾಯ್ತಾ?’ ಎಂದು ಇನ್ನೊಮ್ಮೆ ಕೇಳಿ.

ನಮ್ಮ ದಂಪತಿಗೆ 120 ಚೀಟಿ ಬಂದವು ಎನ್ನೋಣ. ಮೊದಲ ಕಟ್ಟಿಗೆ ಸೇರಬೇಕಾದವರು 40 ಮಂದಿ. ಆದರೆ ಅದರಲ್ಲಿ ಒಂಬತ್ತು ಮನೆಯವರು ಕೇಳಿದ್ದು ಒಂದೇ ಭಾನುವಾರದ ಲಗ್ನ. ಆ ದಿನ ಇವರು ಒಪ್ಪಬಹುದಾದದ್ದು ಎರಡೇ, ಅಲ್ಲಿಗೆ ಏಳು ಹೋದವು. ಉಳಿದ 33ರಲ್ಲಿ ಹನ್ನೆರಡು ಮನೆಯವರು ಮಾತಿಗೆ ಬಂದರು, ನಾಲ್ವರು ಮುಂಗಡ ಕೊಟ್ಟರು. ಕೈಗೆ ಬಂದದ್ದು 80,000, ಮೇಳಕ್ಕೆ ಹೋದದ್ದು 60,000. ಮಿಕ್ಕಿದ್ದು 20,000, ಅಂದರೆ ಒಂದು ಮದುವೆಯ ಗಳಿಕೆ.

ಬಿಟ್ಟುಹೋದ ಆ ಏಳು ಮನೆಗಳನ್ನು ಮಳಿಗೆಯಲ್ಲೇ ನೋಡಿಕೊಳ್ಳಬಹುದಿತ್ತು. ಡೈರಿ ಟೇಬಲ್ ಮೇಲಿದ್ದಿದ್ದರೆ ‘ಆ ದಿನ ನಮ್ಮ ಕೈಲಿ ಆಗಲ್ಲ ಅಮ್ಮಾ, ಆದರೆ ಹಿಂದಿನ ವಾರದ ಗೃಹಪ್ರವೇಶವೋ ನಿಶ್ಚಿತಾರ್ಥವೋ ಇದ್ದರೆ ಹೇಳಿ’ ಎಂದು ಅಲ್ಲೇ ಹೇಳಬಹುದಿತ್ತು. ಮುಂದಿನ ಮೇಳಕ್ಕೆ ಹೊರಡುವಾಗ ಟೆಂಪೊಗೆ ಹೂವಿಗಿಂತ ಮೊದಲು ಆ ಡೈರಿ ಹತ್ತಲಿ.