ತಳದ ಚೀಟಿಯ ಆ ಪುಟ್ಟ ಸಂಖ್ಯೆ

ಪಕ್ಕಪಕ್ಕದ ಎರಡು ಮನೆಗಳನ್ನು ಊಹಿಸಿಕೊಳ್ಳಿ. ಎರಡರಲ್ಲೂ ಟಿವಿ ಸ್ಟ್ಯಾಂಡಿನ ಮೇಲೆ ಎರಡು ಕೊಂಬಿನ ಬಿಳಿ ಡಬ್ಬಿ, ಎರಡರ ಮೇಲೂ ಒಂದೇ ಹೆಸರು: ಟಿಪಿ-ಲಿಂಕ್ ಕಂಪನಿಯ TL-WR841N. ಮೊದಲ ಮನೆಯ ಹುಡುಗ ಕಂಪನಿಯ ಜಾಲತಾಣದಿಂದ ಹೊಸ ಫರ್ಮ್‌ವೇರ್ ಇಳಿಸಿಕೊಂಡು ತನ್ನ ರೌಟರಿಗೆ ಹಾಕುತ್ತಾನೆ. ಎಲ್ಲವೂ ಸಲೀಸು. ಪಕ್ಕದ ಮನೆಯ ಅಕ್ಕನಿಗೂ ಉಪಕಾರ ಮಾಡೋಣವೆಂದು ಅದೇ ಫೈಲನ್ನು ಪೆನ್‌ಡ್ರೈವಿನಲ್ಲಿ ಒಯ್ಯುತ್ತಾನೆ. ಅಲ್ಲಿ ರೌಟರ್ ಒಪ್ಪುವುದಿಲ್ಲ. 18005 ಎಂಬ ದೋಷಸಂಖ್ಯೆ ತೋರಿಸಿ, ಫೈಲಿನ ಆವೃತ್ತಿ ಸರಿಯಿಲ್ಲ ಎಂದು ಸುಮ್ಮನಾಗುತ್ತದೆ.

ಹೆಸರು ಒಂದೇ, ರೂಪ ಒಂದೇ. ಆದರೂ ಒಳಗಿರುವುದು ಬೇರೆ ಯಂತ್ರ.

ಸ್ಕೂಟರ್ ಬಿಡಿಭಾಗದ ಅಂಗಡಿಗೆ ಹೋಗಿ ಗಾಡಿಯ ಹೆಸರಷ್ಟೇ ಹೇಳಿದರೆ ಅಂಗಡಿಯವರು ‘ಯಾವ ವರ್ಷದ್ದು?’ ಎಂದು ಕೇಳದೆ ಕೈ ಅಲ್ಲಾಡಿಸುವುದಿಲ್ಲ. ರೌಟರಿನಲ್ಲಿ ಆ ಪ್ರಶ್ನೆಯ ಉತ್ತರ ಡಬ್ಬಿಯ ತಳದಲ್ಲಿ ಅಂಟಿಸಿದ ಚೀಟಿಯಲ್ಲಿದೆ. ದಪ್ಪ ಅಕ್ಷರದ ಹೆಸರಲ್ಲಿ ಅಲ್ಲ, ಸಾಮಾನ್ಯವಾಗಿ ಸೀರಿಯಲ್ ನಂಬರಿನ ಆಸುಪಾಸಿನಲ್ಲಿ ಸಣ್ಣದಾಗಿ ಮುದ್ರಿಸಿದ ‘Ver’ ಎಂಬುದರ ಮುಂದೆ. TL-WR841N ಇದಕ್ಕೆ ಒಳ್ಳೆಯ ಉದಾಹರಣೆ. ಹೆಸರು ಬದಲಿಸದೆಯೇ ಕಂಪನಿ ಇದರ ಒಳಗನ್ನು ಮತ್ತೆ ಮತ್ತೆ ಬದಲಿಸುತ್ತ 14ನೆಯ ಆವೃತ್ತಿಯವರೆಗೆ ತಂದಿದೆ. ನಮ್ಮ ಕೇಬಲ್ ಆಪರೇಟರುಗಳು ಮನೆಮನೆಗೆ ಕೊಟ್ಟ ಇನ್ನೊಂದು ಜನಪ್ರಿಯ ಡಬ್ಬಿ, ಡಿ-ಲಿಂಕಿನ DIR-615, ಇದೇ ಜಾತಿಯದು. ಅಲ್ಲಿ ಅಂಕಿಯ ಬದಲು ಅಕ್ಷರ. ‘H/W Ver’ ಎಂಬಲ್ಲಿ T1 ಎಂದಿದ್ದರೆ ಅದಕ್ಕೆ T ಸಾಲಿನ ಫರ್ಮ್‌ವೇರ್ ಮಾತ್ರ. ಅದರ ಪಕ್ಕದಲ್ಲೇ ಇರುವ ‘F/W Ver’ ನೋಡಿ ಮೋಸಹೋಗುವವರು ಬಹಳ. ಅದು ಕಾರ್ಖಾನೆಯಿಂದ ಹೊರಟಾಗ ಒಳಗಿದ್ದ ತಂತ್ರಾಂಶದ ಸಂಖ್ಯೆ, ಯಂತ್ರದ್ದಲ್ಲ.

ಹಾಗಾಗಿ ಮೊದಲ ಕೆಲಸ ಒಂದು ಒಳ್ಳೆಯ ಫೋಟೊ. ಚೀಟಿ ಹೊಳೆಯುವ ಕಾಗದ, ಫ್ಲ್ಯಾಶ್ ಹಾಕಿದರೆ ನಡುವೆ ಬಿಳಿ ಚುಕ್ಕೆ ಮಾತ್ರ ಬರುತ್ತದೆ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ಮೊಬೈಲನ್ನು ಒಂದು ಗೇಣು ದೂರದಲ್ಲಿಟ್ಟು ಜೂಮ್ ಮಾಡಿ ತೆಗೆದರೆ ಸಣ್ಣ ಅಕ್ಷರ ಮೂಡುತ್ತದೆ. ಯಾರಿಗಾದರೂ ವಾಟ್ಸ್ಯಾಪಿನಲ್ಲಿ ಕಳಿಸುವುದಾದರೆ ಫೋಟೊ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಬೇಕು. ಇಲ್ಲವಾದರೆ ಅದು ಚಿತ್ರವನ್ನು ಕುಗ್ಗಿಸುವಾಗ 8 ಹೋಗಿ B ಆಗಿ ಕಾಣುತ್ತದೆ. ಕಳಿಸುವ ಮುನ್ನ ವೈಫೈ ಪಾಸ್‌ವರ್ಡ್ ಇರುವ ಸಾಲಿನ ಮೇಲೆ ಬೆರಳಿಡುವುದೂ ಒಳ್ಳೆಯದು. ಕಾರ್ಖಾನೆಯ ಪಾಸ್‌ವರ್ಡನ್ನೇ ವರ್ಷಗಟ್ಟಲೆ ಬಳಸುವ ಮನೆಗಳೇ ಹೆಚ್ಚು, ಆ ಎಂಟು ಅಂಕಿ ಚೀಟಿಯ ಮೇಲೆಯೇ ಇರುತ್ತದೆ.

ಇನ್ನು ಓದುವುದು. ಮೊದಲ ಮನೆಯ ಚೀಟಿಯಲ್ಲಿ ‘TL-WR841N(EU)’, ‘Ver: 14.8’ ಎಂದಿದೆ ಎನ್ನೋಣ. 14.8ನೆಯ ಆವೃತ್ತಿಯ ಪುಟವನ್ನು ಜಾಲತಾಣದಲ್ಲಿ ಹುಡುಕಿ ಸಿಗದೆ ತಲೆಕೆರೆದುಕೊಳ್ಳುವವರಿದ್ದಾರೆ. ಇಲ್ಲಿ ಲೆಕ್ಕಕ್ಕೆ ಬರುವುದು ಚುಕ್ಕೆಯ ಹಿಂದಿನ ಅಂಕಿ ಮಾತ್ರ. 14.0 ಆಗಲಿ 14.8 ಆಗಲಿ ಹೋಗಬೇಕಾದ್ದು V14 ಪುಟಕ್ಕೆ. ಪಕ್ಕದ ಮನೆಯ ಚೀಟಿಯಲ್ಲಿರುವುದು ‘Ver: 9.0’, ಅಂದರೆ V9. ಜಾಲತಾಣದ ಡೌನ್‌ಲೋಡ್ ಪುಟದಲ್ಲಿ ಆವೃತ್ತಿ ಆರಿಸುವ ಪಟ್ಟಿ ಇರುತ್ತದೆ. ಪುಟ ತೆರೆದಾಗ ತಾನಾಗಿ ಕಾಣುವ ಆವೃತ್ತಿ ನಮ್ಮದೇ ಆಗಿರಬೇಕೆಂದಿಲ್ಲ. ಹುಡುಗ ಎಡವಿದ್ದು ಇಲ್ಲೇ.

ಆವರಣದೊಳಗಿನ ಎರಡು ಅಕ್ಷರಗಳನ್ನೂ ಬಿಡುವಂತಿಲ್ಲ. EU, US ಎಂಬುವು ಮಾರಾಟದ ಪ್ರದೇಶ ಹೇಳುತ್ತವೆ, ಫೈಲಿನ ಹೆಸರಿನಲ್ಲೂ ಅವೇ ಬರುತ್ತವೆ. V14ರ ಫೈಲಿನ ಹೆಸರು ಹೀಗೆ ಶುರುವಾಗುತ್ತದೆ:

```
TL-WR841N(EU)_V14_
```

ಅದರ ಮುಂದಿನ ಆರು ಅಂಕಿಗಳು ದಿನಾಂಕ: ಮೊದಲು ವರ್ಷ, ಆಮೇಲೆ ತಿಂಗಳು, ಕೊನೆಗೆ ದಿನ. ಅಂದರೆ ಚೀಟಿಯ ಮೂರು ಸಂಗತಿಗಳು (ಹೆಸರು, ಪ್ರದೇಶ, ಆವೃತ್ತಿ) ಫೈಲಿನ ಹೆಸರಿನ ಮೊದಲ ಮೂರು ತುಂಡುಗಳಿಗೆ ಹೊಂದಬೇಕು. ಪ್ರದೇಶದ ಭೇದ ಬರೀ ಕಾಗದದ್ದಲ್ಲ. ಅಮೆರಿಕದಲ್ಲಿ 2.4 ಗಿಗಾಹರ್ಟ್ಸ್ ವೈಫೈಗೆ ವಾಡಿಕೆಯಲ್ಲಿರುವುದು 1ರಿಂದ 11ರವರೆಗಿನ ಚಾನೆಲ್‌ಗಳು, ಭಾರತದಲ್ಲಿ 13ರವರೆಗೆ ಉಂಟು. ನ್ಯೂಜೆರ್ಸಿಯಿಂದ ಮಗ ತಂದುಕೊಟ್ಟ ರೌಟರಿನಲ್ಲಿ 12 ಮತ್ತು 13 ಕಾಣಿಸದಿದ್ದರೆ ಅದು ಕೆಟ್ಟಿದೆ ಎಂದಲ್ಲ. ಅಲ್ಲಿನ ನಿಯಂತ್ರಕ ಸಂಸ್ಥೆಗೆ ಇದು ತಮಾಷೆಯ ವಿಷಯವೂ ಅಲ್ಲ. ಬಳಕೆದಾರರು ದೇಶದ ಸೆಟ್ಟಿಂಗ್ ಬದಲಿಸಿ ಮಿತಿ ಮೀರಿದ ಶಕ್ತಿಯಲ್ಲಿ ಪ್ರಸಾರ ಮಾಡಲು ಬಿಟ್ಟ ಪ್ರಕರಣದಲ್ಲಿ 2016ರಲ್ಲಿ ಟಿಪಿ-ಲಿಂಕ್ 2 ಲಕ್ಷ ಡಾಲರ್ ಕಟ್ಟಿತು.

ಹಾಗಾದರೆ V9 ಮತ್ತು V14ರ ನಡುವೆ ನಿಜಕ್ಕೂ ಏನು ವ್ಯತ್ಯಾಸ? ಮಿದುಳೇ ಬೇರೆ. V9ರಲ್ಲಿರುವುದು ಕ್ವಾಲ್‌ಕಾಮ್ ಅಥೆರಾಸ್ ಚಿಪ್, V13 ಮತ್ತು V14ರಲ್ಲಿ ಮೀಡಿಯಾಟೆಕ್ ಚಿಪ್. ಎರಡೂ ಒಂದೇ ಕುಲದ ಪ್ರೊಸೆಸರುಗಳಾದರೂ ಒಂದು ಸಂಖ್ಯೆಯ ಬೈಟುಗಳನ್ನು ದೊಡ್ಡ ಸ್ಥಾನದ ಕಡೆಯಿಂದ ಜೋಡಿಸಿದರೆ ಇನ್ನೊಂದು ಚಿಕ್ಕ ಸ್ಥಾನದ ಕಡೆಯಿಂದ ಜೋಡಿಸುತ್ತದೆ. ಒಬ್ಬರು ಎಡದಿಂದ ಬರೆದದ್ದನ್ನು ಇನ್ನೊಬ್ಬರು ಬಲದಿಂದ ಓದಿದ ಹಾಗೆ. ಅಲ್ಲಿಯ ತಂತ್ರಾಂಶ ಇಲ್ಲಿ ಒಂದು ಹೆಜ್ಜೆಯೂ ನಡೆಯಲಾರದು. ಮೆಮೊರಿಯ ಕಥೆ ಇನ್ನೂ ಸ್ವಾರಸ್ಯ. V9ಕ್ಕೆ 4 ಎಂಬಿ ಫ್ಲ್ಯಾಶ್, 32 ಎಂಬಿ ರ‍್ಯಾಮ್. V13ಕ್ಕೆ ಅದರ ಇಮ್ಮಡಿ, 8 ಮತ್ತು 64. ಮುಂದಿನದು ಇನ್ನೂ ದೊಡ್ಡದಿರಬಹುದೆಂದು ಎಣಿಸಿದರೆ V14 ಮತ್ತೆ 4 ಮತ್ತು 32ಕ್ಕೆ ಇಳಿಯಿತು! ಆವೃತ್ತಿ ಸಂಖ್ಯೆ ದೊಡ್ಡದಾದಷ್ಟೂ ಯಂತ್ರ ಉತ್ತಮ ಎಂಬ ನಂಬಿಕೆಯನ್ನು ಕೈಬಿಡಲು ಇದೊಂದೇ ಸಾಕು.

ಓಪನ್‌ಡಬ್ಲ್ಯೂಆರ್‌ಟಿ ಎಂಬ ಉಚಿತ ಫರ್ಮ್‌ವೇರ್ ಹಾಕಿ ಹಳೆಯ ರೌಟರಿಗೆ ಜೀವ ಕೊಡಬೇಕೆನ್ನುವವರಿಗೆ ಈ ಅಂಕಿಗಳೇ ನಿರ್ಣಾಯಕ. 4 ಎಂಬಿ ಫ್ಲ್ಯಾಶ್, 32 ಎಂಬಿ ರ‍್ಯಾಮಿನ ಯಂತ್ರಗಳಿಗೆ ಅವರ ಅಧಿಕೃತ ಸರಣಿ 19.07ಕ್ಕೆ ಮುಗಿಯಿತು. ಆ ಸರಣಿಗೆ ಭದ್ರತಾ ತಿದ್ದುಪಡಿಗಳು ನಿಂತದ್ದು 2022ರಲ್ಲಿ. ಒಂದೇ ಹೆಸರಿನ ಡಬ್ಬಿಗಳಲ್ಲಿ V13 ಇದ್ದವರಿಗೆ ಅದರಾಚೆಯ ದಾರಿಯುಂಟು, V9 ಮತ್ತು V14 ಇದ್ದವರು ಕಂಪನಿಯ ಫರ್ಮ್‌ವೇರಿನಲ್ಲೇ ಉಳಿಯುವುದು ಲೇಸು.

18005 ಎಂಬ ನಿರಾಕರಣೆ ವಾಸ್ತವದಲ್ಲಿ ಒಂದು ರಕ್ಷಣೆ. ರೌಟರಿನ ಪುಟದಿಂದ ಫೈಲ್ ಏರಿಸಿದಾಗ ಅದು ತಾನೇ ತಪಾಸಣೆ ಮಾಡಿಕೊಳ್ಳುತ್ತದೆ. ಡಬ್ಬಿ ಕಲ್ಲಾಗುವುದು ಹೆಚ್ಚಾಗಿ ಬರೆಯುವ ಹೊತ್ತಿನಲ್ಲಿ ಕರೆಂಟು ಹೋದಾಗ. ಆದ್ದರಿಂದ ರೌಟರನ್ನು ಯುಪಿಎಸ್‌ಗೆ ಸಿಕ್ಕಿಸಿ, ವೈಫೈ ಬಿಟ್ಟು ಲ್ಯಾನ್ ಕೇಬಲಿನಿಂದ ಕಂಪ್ಯೂಟರಿಗೆ ಜೋಡಿಸಿ, ಜಿಪ್ ಬಿಚ್ಚಿ ಒಳಗಿನ `.bin` ಫೈಲನ್ನು `System Tools` ಅಡಿಯ `Firmware Upgrade` ಮೂಲಕ ಹಾಕಬೇಕು. ಆದರೂ ಕೆಟ್ಟರೆ ಕೊನೆಯದೊಂದು ಬಾಗಿಲಿದೆ, ಅಲ್ಲೂ ಕೀಲಿ ಆವೃತ್ತಿಯೇ. ಕಂಪ್ಯೂಟರಿಗೆ 192.168.0.66 ವಿಳಾಸ ಕೊಟ್ಟು, ಟಿಎಫ್‌ಟಿಪಿ ಸರ್ವರ್ ತೆರೆದಿಟ್ಟು, ರೀಸೆಟ್ ಗುಂಡಿ ಒತ್ತಿಹಿಡಿದು ರೌಟರ್ ಚಾಲೂ ಮಾಡಿದರೆ ಅದು ಒಂದು ಫೈಲಿಗಾಗಿ ಕೈಚಾಚುತ್ತದೆ. V13 ಕೇಳುವ ಹೆಸರು `tp_recovery.bin`, V9 ಕೇಳುವುದು `wr841nv9_tp_recovery.bin`. ಹೆಸರು ತಪ್ಪಿದರೆ ಫೈಲ್ ಕಣ್ಣೆದುರೇ ಇದ್ದರೂ ಅದಕ್ಕೆ ಕಾಣದು.

ಆ ಪುಟಕ್ಕೆ ಹೋಗುವ ವಿಳಾಸವೂ ಚೀಟಿಯಲ್ಲೇ ಇರುತ್ತದೆ, ಆದರೆ ಹಳೆಯ ಚೀಟಿಗಳಲ್ಲಿ ಒಂದು ಬಿಲ ಇದೆ. ಅವುಗಳ ಮೇಲೆ ಮುದ್ರಿಸಿರುವ `tplinklogin.net` ಎಂಬ ಹೆಸರನ್ನು ಕಂಪನಿ ಕಳೆದುಕೊಂಡಿತೆಂದು 2016ರಲ್ಲೇ ಸುದ್ದಿಯಾಗಿತ್ತು. ರೌಟರಿಗೆ ಜೋಡಿಸಿಕೊಂಡಿರುವಾಗ ಆ ಹೆಸರಿಗೆ ರೌಟರೇ ಉತ್ತರಿಸುವುದರಿಂದ ಕೆಲಸ ನಡೆಯುತ್ತದೆ. ಮೊಬೈಲ್ ಡೇಟಾದಲ್ಲಿದ್ದುಕೊಂಡು ಅದನ್ನು ಟೈಪಿಸಿದರೆ ಹೋಗುವುದು ಬೇರೆ ಯಾರದೋ ಮನೆಗೆ. ಬದಲಿಗೆ `192.168.0.1` ಎಂದು ಅಂಕಿಯಲ್ಲೇ ಕೊಡುವುದು ನಿಶ್ಚಿಂತೆ. ಒಳಹೊಕ್ಕ ಮೇಲೆ `Status` ಪುಟದ ತಲೆಯಲ್ಲಿ ಹಾರ್ಡ್‌ವೇರ್ ಆವೃತ್ತಿ ಮತ್ತೊಮ್ಮೆ ಕಾಣುತ್ತದೆ. ಅಲ್ಲಿ `WR841N v9` ಎಂದಿದ್ದರೆ ಚೀಟಿ ಮಾಸಿದ್ದರೂ ಚಿಂತೆಯಿಲ್ಲ.

ಪಕ್ಕದ ಮನೆಯಲ್ಲಿ ಸರಿಯಾದ V9 ಫೈಲ್ ಹಾಕಿದ್ದಾಯಿತು, ರೌಟರ್ ಮತ್ತೆ ಎದ್ದಿತು. ಇಂಟರ್ನೆಟ್ ಮಾತ್ರ ಇಲ್ಲ! `Status` ಪುಟದ `WAN` ಸಾಲಿನಲ್ಲಿ ವಿಳಾಸ `0.0.0.0`. ಅಪ್‌ಗ್ರೇಡಿನ ಜೊತೆ ಹಳೆಯ ಸೆಟ್ಟಿಂಗುಗಳು ಅಳಿಸಿಹೋಗಿದ್ದವು. ಚೀಟಿಯಲ್ಲಿ ಎಲ್ಲಿಯೂ ಬರೆದಿಲ್ಲದ ಸಂಗತಿ ಇದೊಂದೇ: ಈ ಮನೆಗೆ ಇಂಟರ್ನೆಟ್ ಯಾವ ಬಗೆಯಲ್ಲಿ ಬರುತ್ತದೆ ಎಂಬುದು. ಅದು ಆಪರೇಟರಿಗೇ ಗೊತ್ತು. ಹುಡುಗ `Network` ಅಡಿಯ `WAN` ತೆರೆದು `PPPoE/Russia PPPoE` ಆರಿಸಿದ. ರಷ್ಯಾದ ಹೆಸರು ನೋಡಿ ಅಕ್ಕ ಗಾಬರಿಯಾದರೂ ನಮ್ಮೂರಿನ ಸಾಮಾನ್ಯ ಪಿಪಿಪಿಒಇಗೂ ಅದೇ ಆಯ್ಕೆ. ಯೂಸರ್‌ನೇಮ್, ಪಾಸ್‌ವರ್ಡ್ ಕೇಳಲು ಅಕ್ಕ ಫೋನ್ ಹಚ್ಚಿದರು.

“ಕಳಿಸ್ತೀನಕ್ಕ, ಹಂಗೇ ರೌಟರ್‌ದು ಮ್ಯಾಕ್ ನಂಬರೂ ಹೇಳಿಬಿಡಿ. ನಮ್ ಕಡೆ ರಿಜಿಸ್ಟರ್ ಮಾಡ್ಬೇಕು,” ಎಂದ ಆಪರೇಟರಿನ ಹುಡುಗ.

ಅಕ್ಕ ಡಬ್ಬಿ ಮಗುಚಿ ಓದಿದರು. ನಡುವೆ ಒಂದು ಉರುಟು ಅಕ್ಷರ ಸೊನ್ನೆಯೋ ‘ಓ’ ಅಕ್ಷರವೋ ಎಂಬ ಅನುಮಾನ ಬಂತು. ಮ್ಯಾಕ್‌ನಲ್ಲಿ 0ರಿಂದ 9, Aಯಿಂದ Fವರೆಗೆ ಮಾತ್ರ ಇರುವುದರಿಂದ ಅದು ಸೊನ್ನೆಯೇ. ಕೊನೆಗೆ 3E. ನೋಂದಣಿಯಾಯಿತು, ಆದರೂ ಸಂಪರ್ಕ ಬರಲಿಲ್ಲ. ಚೀಟಿಯಲ್ಲಿರುವುದು ಮನೆಯ ಕಡೆಯ ಮ್ಯಾಕ್. ಆಪರೇಟರಿನ ಕಡೆಗೆ ಈ ರೌಟರ್ ತೋರಿಸುವುದು ಅದಕ್ಕೆ ಒಂದು ಕೂಡಿಸಿದ್ದನ್ನು. `Status` ಪುಟದ `WAN` ಭಾಗದಲ್ಲಿ ಅದು 3F ಎಂದೇ ಇತ್ತು. ಅಕ್ಕ ಮತ್ತೆ ಫೋನ್ ಮಾಡಿ ಕೊನೆಯ ಅಕ್ಷರ ತಿದ್ದಿಸಿದರು, ಎರಡು ನಿಮಿಷದಲ್ಲಿ ಸೊನ್ನೆಗಳಿದ್ದ ಜಾಗಕ್ಕೆ ನಿಜವಾದ ವಿಳಾಸ ಬಂದು ಕೂತಿತು.